ಗುರಿ ಮುಟ್ಟುವ ಮೊದಲೇ ರಿಬೇಟಿನ ಲೆಕ್ಕ: ವರ್ಷಾಂತ್ಯದ ಒಂದು ಹೊಂದಾಣಿಕೆ

ಅಭ್ಯಾಸ ಬೋಧನೆಯ ಅವಧಿಯಲ್ಲಿ ದ್ವಿತೀಯ ಪಿಯುಸಿ ಲೆಕ್ಕಶಾಸ್ತ್ರದ ಒಂದು ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ವೀಕ್ಷಿಸುತ್ತಿದ್ದೆ. ವಿಷಯ ಅಂತಿಮ ಲೆಕ್ಕಗಳ ಹೊಂದಾಣಿಕೆಗಳು. ಕೊಡಬೇಕಾದ ಸಂಬಳ, ಮುಂಗಡ ವಿಮೆ, ಸವಕಳಿ ಇವು ಮೂರನ್ನೂ ಪ್ರಶಿಕ್ಷಣಾರ್ಥಿ ಸೊಗಸಾಗಿ ಮುಗಿಸಿದರು. ಸಮಯ ಉಳಿದಿದ್ದರಿಂದ ಪಠ್ಯದಲ್ಲಿಲ್ಲದ ಒಂದು ಲೆಕ್ಕವನ್ನು ತಾವೇ ಬೋರ್ಡಿನ ಮೇಲೆ ಬರೆದರು. ಕೊಯಮತ್ತೂರಿನ ಒಬ್ಬ ಪಂಪ್ ತಯಾರಕರು, ದಾವಣಗೆರೆಯ ಒಬ್ಬ ವಿತರಕರು. ವಿತರಕರು 12 ತಿಂಗಳಲ್ಲಿ 1,200 ಪಂಪು ಎತ್ತಿದರೆ ಪಂಪಿಗೆ 500 ರೂಪಾಯಿಯಂತೆ ರಿಬೇಟು ಸಿಗುತ್ತದೆ. ಮಾರ್ಚ್ 31ರವರೆಗೆ 780 ಎತ್ತಿದ್ದಾರೆ. ಗುರಿ ಮುಟ್ಟುವ ಸಂಭವ ಹೆಚ್ಚಿದೆ. ತಯಾರಕರ ಪುಸ್ತಕದಲ್ಲಿ ಏನು ಬರೆಯಬೇಕು?

ಅವರೇ ಉತ್ತರವನ್ನೂ ಹೇಳಿದರು: "ಗುರಿ ಇನ್ನೂ ಮುಟ್ಟಿಲ್ಲ. ಆದ್ದರಿಂದ ಏನೂ ಬರೆಯಬೇಕಾಗಿಲ್ಲ."

ಮೂರನೆಯ ಸಾಲಿನ ಹುಡುಗನೊಬ್ಬ ಎದ್ದು ನಿಂತ. ಮನೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇರುವ ಹುಡುಗ ಎಂದು ಆಮೇಲೆ ತಿಳಿಯಿತು. "ಮೇಡಂ, ಟಾರ್ಗೆಟ್ ಮುಟ್ಟಿದ ಮೇಲೆ ಕ್ರೆಡಿಟ್ ನೋಟು ಬರೋದು ಮೊದಲ್ನೇ ಪಂಪಿಂದ ಎಲ್ಲದಕ್ಕೂ ಸೇರಿಸಿ ಅಲ್ವಾ? ಹಂಗಾದ್ರೆ ಮಾರ್ಚಿಗೆ ಮುಂಚೆ ಎತ್ತಿದ ಪಂಪಿನ ರಿಬೇಟು ಯಾವ ವರ್ಷದ್ದು?"

ಪ್ರಶಿಕ್ಷಣಾರ್ಥಿ ಒಂದು ಕ್ಷಣ ತಡೆದು, "ಖಚಿತವಾಗದ್ದನ್ನು ಬರೆಯಬಾರದು, ಅದು ಮುನ್ನೆಚ್ಚರಿಕೆಯ ತತ್ವ" ಎಂದರು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಪಾಠದ ನಂತರದ ಚರ್ಚೆಯಲ್ಲಿ ಇದೇ ಲೆಕ್ಕವನ್ನು ಉಳಿದ ಪ್ರಶಿಕ್ಷಣಾರ್ಥಿಗಳ ಮುಂದಿಟ್ಟೆ. ಒಬ್ಬರು 6,00,000 ಎಂದರು. ಇನ್ನೊಬ್ಬರು ಅದರ ಅರ್ಧ, 3,00,000 ಎಂದರು. ಮತ್ತೊಬ್ಬರು 3,90,000 ಎಂದರೂ ಕಾರಣ ಕೇಳಿದಾಗ ಹಿಂಜರಿದರು. ಒಂದೇ ಲೆಕ್ಕಕ್ಕೆ ಸೊನ್ನೆಯೂ ಸೇರಿ ನಾಲ್ಕು ಉತ್ತರ ಬಂದವು. ಪ್ರತಿಯೊಂದು ತಪ್ಪಿನ ಹಿಂದೆಯೂ ನಾವೇ ಕಲಿಸಿದ ಯಾವುದೋ ಒಂದು ಸರಿಯಾದ ಮಾತು ಇದೆ ಎಂಬುದು ನನ್ನನ್ನು ಕಾಡಿತು. ಆ ಕಾರಣಕ್ಕೇ ಈ ಲೆಕ್ಕವನ್ನು ಇಲ್ಲಿ ಪೂರ್ತಿ ಬಿಡಿಸುತ್ತಿದ್ದೇನೆ.

ಸ್ಕೀಮಿನ ವರ್ಷ ಬೇರೆ, ಲೆಕ್ಕದ ವರ್ಷ ಬೇರೆ

ಮೊದಲು ತರಗತಿಗೆ ಸ್ಪಷ್ಟವಾಗಬೇಕಾದದ್ದು ಈ ಪ್ರಶ್ನೆ ಹುಟ್ಟುವುದೇ ಏಕೆ ಎಂಬುದು. ಸ್ಕೀಮು ಏಪ್ರಿಲ್ 1ಕ್ಕೆ ಶುರುವಾಗಿ ಮಾರ್ಚ್ 31ಕ್ಕೆ ಮುಗಿಯುವುದಾದರೆ ಅಂದಾಜಿನ ಪ್ರಶ್ನೆಯೇ ಬರುವುದಿಲ್ಲ. ಮಾರ್ಚ್ 31ರ ಸಂಜೆಗೆ ಗುರಿ ಮುಟ್ಟಿರುತ್ತದೆ ಅಥವಾ ಮುಟ್ಟಿರುವುದಿಲ್ಲ, ಎಣಿಸಿ ಬರೆದರಾಯಿತು. ನಮ್ಮ ಪ್ರಶಿಕ್ಷಣಾರ್ಥಿ ಬೋರ್ಡಿನ ಮೇಲೆ "12 ತಿಂಗಳಲ್ಲಿ" ಎಂದು ಬರೆದರೇ ಹೊರತು ಆ 12 ತಿಂಗಳು ಯಾವುವು ಎಂದು ಬರೆಯಲಿಲ್ಲ. ಅರ್ಧ ಗೊಂದಲ ಅಲ್ಲಿಂದಲೇ ಬಂತು.

ಈಗ ಲೆಕ್ಕವನ್ನು ಪೂರ್ತಿ ಮಾಡೋಣ. ಸ್ಕೀಮಿನ ಅವಧಿ 2024ರ ಅಕ್ಟೋಬರ್ 1ರಿಂದ 2025ರ ಸೆಪ್ಟೆಂಬರ್ 30ರವರೆಗೆ. ತಯಾರಕರ ಲೆಕ್ಕದ ವರ್ಷ 2025ರ ಮಾರ್ಚ್ 31ಕ್ಕೆ ಮುಗಿಯುತ್ತದೆ. ಒಂದು ಪಂಪಿನ ಬಿಲ್ಲಿನ ಬೆಲೆ 20,000 ರೂ. ಸ್ಕೀಮಿನಲ್ಲಿ 1,200 ಪಂಪು ಪೂರೈಸಿದರೆ ಮೊದಲನೆಯ ಪಂಪಿನಿಂದ ಹಿಡಿದು ಪ್ರತಿಯೊಂದಕ್ಕೂ 500 ರೂ. ರಿಬೇಟು, 1,199ಕ್ಕೆ ನಿಂತರೆ ಏನೂ ಇಲ್ಲ. ಹಣ ಕೈಗೆ ಕೊಡುವುದಿಲ್ಲ, ಅಕ್ಟೋಬರ್‌ನಲ್ಲಿ ಕ್ರೆಡಿಟ್ ನೋಟು ಬರುತ್ತದೆ. ಮಾರ್ಚ್ 31ರವರೆಗೆ 780 ಪಂಪು ಎತ್ತಲಾಗಿದೆ. ಬಿಲ್ಲುಗಳ ಮೊತ್ತ 1,56,00,000 ರೂ. ಜಿಎಸ್‌ಟಿಯನ್ನು ಇಲ್ಲಿ ಬೇಕೆಂದೇ ಬಿಟ್ಟಿದ್ದೇನೆ. ಅದರ ನಿಯಮಗಳು ಬೇರೆ. ಈ ಪಾಠದೊಳಗೆ ತಂದರೆ ಎರಡೂ ಕೆಡುತ್ತವೆ.

"ಮೊದಲನೆಯ ಪಂಪಿನಿಂದ" ಎಂಬ ಷರತ್ತು ಇಡೀ ಲೆಕ್ಕದ ಕೀಲು. ಇಂಥ ಸ್ಕೀಮಿನಲ್ಲಿ ಗುರಿ ಮುಟ್ಟಿದ ದಿನ ರಿಬೇಟು ಹುಟ್ಟುವುದಿಲ್ಲ, ಅಂದು ಅದು ಖಚಿತವಾಗುತ್ತದೆ ಅಷ್ಟೆ. ರಿಬೇಟನ್ನು ಗಳಿಸಿಕೊಡುವುದು ಎತ್ತಿದ ಒಂದೊಂದು ಪಂಪು. ಅಕ್ಟೋಬರ್‌ನಲ್ಲಿ ಮಾರಿದ ಪಂಪಿನ ನಿಜವಾದ ಬೆಲೆ 20,000 ಅಲ್ಲದೆ 19,500 ಆಗುವುದು ಹೆಚ್ಚು ಸಂಭವನೀಯವಾಗಿದ್ದರೆ, ಅಕ್ಟೋಬರ್‌ನ ಮಾರಾಟವನ್ನು 20,000 ಎಂದು ತೋರಿಸುವುದು ಬರಲಾರದ 500 ರೂಪಾಯಿಯನ್ನು ಬಂದಿದೆ ಎಂದಂತೆ. ಹುಡುಗ ಕೇಳಿದ್ದು ಇದನ್ನೇ.

ಆದ್ದರಿಂದ ಮಾರ್ಚ್ 31ರ ಮೊತ್ತ 780 × 500 = 3,90,000 ರೂ.

ಉಳಿದ ಮೂರು ಉತ್ತರಗಳು

ಸೊನ್ನೆ ಎಂದವರಿಗೆ ಆಧಾರವಾದದ್ದು ಮುನ್ನೆಚ್ಚರಿಕೆಯ ತತ್ವ. ಆದರೆ ಆ ತತ್ವ ಹೇಳುವುದೇನು? ಬರಬಹುದಾದ ಲಾಭವನ್ನು ಮೊದಲೇ ಎಣಿಸಬೇಡ, ಆಗಬಹುದಾದ ನಷ್ಟವನ್ನು ಬಿಡಬೇಡ ಎಂದು. ತಯಾರಕರಿಗೆ ರಿಬೇಟು ಲಾಭವಲ್ಲ, ಹೊಣೆ. ಅದನ್ನು ಬರೆಯದೆ ಬಿಟ್ಟರೆ ಮಾರಾಟ 3,90,000 ಹೆಚ್ಚಾಗಿ ಕಾಣುತ್ತದೆ, ಹೊಣೆ ಅಷ್ಟೇ ಕಡಿಮೆಯಾಗಿ ಕಾಣುತ್ತದೆ. ಅಂದರೆ ಪ್ರಶಿಕ್ಷಣಾರ್ಥಿ ಉಲ್ಲೇಖಿಸಿದ ತತ್ವವೇ ಅವರ ಉತ್ತರಕ್ಕೆ ವಿರುದ್ಧವಾಗಿ ನಿಲ್ಲುತ್ತದೆ. ತತ್ವದ ಹೆಸರನ್ನು ಹೇಳಿದ ಮೇಲೆ "ಯಾರ ಪುಸ್ತಕದಲ್ಲಿ?" ಎಂದು ಒಮ್ಮೆ ಕೇಳಿಕೊಂಡಿದ್ದರೆ ಈ ತಪ್ಪು ಅಲ್ಲೇ ಸಿಗುತ್ತಿತ್ತು.

6,00,000 ಎಂದವರು 1,200 × 500 ಮಾಡಿದರು. ಗುರಿ ಮುಟ್ಟುತ್ತದೆ ಎಂದು ನಂಬಿದ ಮೇಲೆ ಪೂರ್ತಿ ರಿಬೇಟನ್ನೇ ಬರೆಯೋಣ ಎಂಬ ಯೋಚನೆ. ಆದರೆ 420 ಪಂಪುಗಳು ಇನ್ನೂ ತಯಾರಕರ ಗೋಡೌನ್‌ನಲ್ಲಿವೆ, ಕೆಲವು ತಯಾರೇ ಆಗಿಲ್ಲ. ಮಾರದ ಪಂಪಿನ ಬೆಲೆಯನ್ನು ಇಳಿಸುವುದು ಹೇಗೆ? ಸಂಭವ ಎಂಬುದು ರಿಬೇಟು ಬರೆಯಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸುತ್ತದೆ. ಎಷ್ಟು ಎಂಬುದನ್ನು ತೀರ್ಮಾನಿಸುವುದು ಅಲ್ಲಿಯವರೆಗೆ ಎತ್ತಿದ ಪಂಪು. ಈ ಎರಡು ಪ್ರಶ್ನೆಗಳನ್ನು ಬೋರ್ಡಿನ ಎರಡು ಬದಿಗೆ ಬರೆದು ಬೇರೆ ಮಾಡಿಟ್ಟರೆ ತರಗತಿ ಬಹುಬೇಗ ಹಿಡಿದುಕೊಳ್ಳುತ್ತದೆ.

3,00,000 ಎಂದವರ ತಪ್ಪು ಸ್ವಲ್ಪ ಸೂಕ್ಷ್ಮ. ಅವರು 6,00,000 ರೂಪಾಯಿಯಲ್ಲಿ 12 ತಿಂಗಳಿಗೆ 6 ತಿಂಗಳಿನ ಪಾಲು ತೆಗೆದರು. ಬಾಡಿಗೆ, ಬಡ್ಡಿ, ವಿಮೆ ಇವೆಲ್ಲ ದಿನ ಕಳೆದಂತೆ ಬೆಳೆಯುವವು. ಅಲ್ಲಿ ತಿಂಗಳ ಪ್ರಮಾಣ ಸರಿ. ಹೊಂದಾಣಿಕೆಯ ಅಧ್ಯಾಯದಲ್ಲಿ ನಾವು ಕೊಡುವ ಉದಾಹರಣೆಗಳೆಲ್ಲ ಬಹುತೇಕ ಅಂಥವೇ ಆದ್ದರಿಂದ ಮಕ್ಕಳ ಕೈ ತಾನಾಗಿಯೇ ಆ ಕಡೆ ಹೋಗುತ್ತದೆ. ರಿಬೇಟು ಬೆಳೆಯುವುದು ದಿನದಿಂದಲ್ಲ, ಪಂಪಿನಿಂದ. ಜನವರಿಯಿಂದ ಮೇವರೆಗೆ ಬೋರ್‌ವೆಲ್ ಕೊರೆಸುವವರು ಹೆಚ್ಚು, ಮಳೆ ಹಿಡಿದ ಮೇಲೆ ಕಡಿಮೆ. ಮೊದಲ ಆರು ತಿಂಗಳಲ್ಲಿ ವ್ಯಾಪಾರ ಅರ್ಧಕ್ಕಿಂತ ಹೆಚ್ಚು ಆಗಿಬಿಡುತ್ತದೆ. ತಿಂಗಳ ಲೆಕ್ಕ ಹಿಡಿದರೆ 90,000 ರೂಪಾಯಿ ತಪ್ಪಿಹೋಗುತ್ತದೆ.

ಪ್ರಶಿಕ್ಷಣಾರ್ಥಿಗಳಿಗೆ ಒಂದು ಸಲಹೆ. ಪಾಠಯೋಜನೆ ಬರೆಯುವಾಗ ಅಂಕಿಗಳನ್ನು ಹೀಗೆ ಆರಿಸಿ: ಪ್ರತಿ ತಪ್ಪು ದಾರಿಗೂ ಬೇರೆ ಉತ್ತರ ಬರಬೇಕು. ಇಲ್ಲಿ 780ರ ಬದಲು 600 ಎಂದಿದ್ದರೆ ಸರಿ ಉತ್ತರವೂ ತಿಂಗಳ ಪ್ರಮಾಣದ ತಪ್ಪು ಉತ್ತರವೂ 3,00,000 ಆಗಿ, ತಪ್ಪು ಮಾಡಿದ ಹುಡುಗಿಗೂ ಪೂರ್ಣ ಅಂಕ ಸಿಗುತ್ತಿತ್ತು.

ಸಂಭವ ಇದೆ ಎಂದು ಹೇಳುವವರು ಯಾರು?

ಪಠ್ಯದ ಲೆಕ್ಕಗಳಲ್ಲಿ "ಗುರಿ ಮುಟ್ಟುವ ಸಂಭವ ಹೆಚ್ಚಿದೆ" ಎಂದು ಒಂದು ವಾಕ್ಯ ಬರೆದುಬಿಡುತ್ತೇವೆ. ನಿಜವಾದ ಕಚೇರಿಯಲ್ಲಿ ಆ ವಾಕ್ಯ ಎಲ್ಲಿಂದಲೋ ಬರಬೇಕು, ಮತ್ತು ಲೆಕ್ಕಪರಿಶೋಧಕರು ಬಂದು ಕೇಳಿದಾಗ ತೋರಿಸಲು ಕಾಗದ ಇರಬೇಕು. ಮಾರಾಟ ವಿಭಾಗದವರ "ಆಗುತ್ತೆ ಸಾರ್" ಎಂಬ ಮಾತು ಆಧಾರವಾಗುವುದಿಲ್ಲ. ಮೊದಲು ನೋಡಬೇಕಾದದ್ದು ಅದೇ ವಿತರಕರ ಹಿಂದಿನ ಸ್ಕೀಮು ವರ್ಷಗಳು. ನಮ್ಮ ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳೋಣ:

| ಸ್ಕೀಮಿನ ವರ್ಷ | ಮಾರ್ಚ್‌ವರೆಗೆ | ಏಪ್ರಿಲ್–ಸೆಪ್ಟೆಂಬರ್ | ಒಟ್ಟು |
|---|---|---|---|
| 2021–22 | 690 | 420 | 1,110 |
| 2022–23 | 740 | 500 | 1,240 |
| 2023–24 | 770 | 520 | 1,290 |

ಈ ಬಾರಿ ಬೇಕಾದದ್ದು ಇನ್ನು 420. ಮೂರು ವರ್ಷಗಳಲ್ಲಿ ತೀರಾ ಮಂದವಾಗಿದ್ದ ಅರ್ಧವರ್ಷದಲ್ಲೂ 420 ಎತ್ತಿದ್ದಾರೆ. ಇನ್ನೊಂದು ಬಗೆಯಲ್ಲಿ ನೋಡಿದರೆ, ಪ್ರತಿ ವರ್ಷ ಒಟ್ಟು ವ್ಯಾಪಾರದ ಶೇಕಡಾ 60ರಿಂದ 62ರಷ್ಟು ಮಾರ್ಚ್ ಒಳಗೆ ಆಗುತ್ತದೆ. 780 ಎಂಬುದು ಶೇಕಡಾ 62 ಆದರೂ ಒಟ್ಟು ಸುಮಾರು 1,258ಕ್ಕೆ ಹೋಗುತ್ತದೆ. ಎರಡು ದಾರಿಯೂ ಗುರಿಯನ್ನು ಮುಟ್ಟಿಸುತ್ತವೆ.

ಇಷ್ಟಕ್ಕೇ ನಿಲ್ಲಬಾರದು. ಎತ್ತಿದ 780ರಲ್ಲಿ ಎಷ್ಟು ರೈತರ ತೋಟ ಸೇರಿವೆ, ಎಷ್ಟು ವಿತರಕರ ಗೋಡೌನ್‌ನಲ್ಲಿ ಕೂತಿವೆ ಎಂದು ಕೇಳಬೇಕು. ಮಾರ್ಚ್ ಕೊನೆಯ ವಾರದಲ್ಲಿ ಮಾರಾಟದವರು ತಮ್ಮ ಲೆಕ್ಕ ತುಂಬಿಸಿಕೊಳ್ಳಲು ವಿತರಕರಿಗೆ ಮಾಲು ಹೇರುವುದು ಹೊಸ ಸಂಗತಿಯಲ್ಲ. ಹಾಗೆ ಆಗಿದ್ದರೆ ಏಪ್ರಿಲ್, ಮೇ ತಿಂಗಳ ಎತ್ತುವಳಿ ಆಗಲೇ ಮಾರ್ಚ್‌ನಲ್ಲಿ ಆಗಿಹೋಗಿದೆ ಎಂದರ್ಥ. ಹಿಂದಿನ ವರ್ಷಗಳ ಶೇಕಡಾವಾರು ಈ ವರ್ಷಕ್ಕೆ ಹೊಂದುವುದಿಲ್ಲ. ನಮ್ಮ ವಿತರಕರ ಬಳಿ ಮಾರ್ಚ್ 31ಕ್ಕೆ 120 ಪಂಪು ಉಳಿದಿವೆ. ತಿಂಗಳಿಗೆ ಸರಾಸರಿ 130 ಎತ್ತುವವರಿಗೆ ಇದು ಒಂದು ತಿಂಗಳಿಗೂ ಕಡಿಮೆಯ ಮಾಲು, ಸಹಜ. 120ರ ಜಾಗದಲ್ಲಿ 350 ಇದ್ದಿದ್ದರೆ ನಾನು ಮೇಲಿನ ಕೋಷ್ಟಕವನ್ನು ಇಷ್ಟು ಧೈರ್ಯದಿಂದ ಓದುತ್ತಿರಲಿಲ್ಲ.

ಮೂರನೆಯದು, ಲೆಕ್ಕ ಅಂತಿಮಗೊಳ್ಳುವ ಹೊತ್ತಿಗೆ ಸಿಕ್ಕಿರುವ ಮುಂದಿನ ತಿಂಗಳ ಅಂಕಿ. ತಯಾರಕರ ಲೆಕ್ಕಗಳಿಗೆ ಮೇ ಕೊನೆಗೆ ಸಹಿ ಬೀಳುತ್ತದೆ ಎನ್ನೋಣ. ಅಷ್ಟರಲ್ಲಿ ಏಪ್ರಿಲ್‌ನಲ್ಲಿ 140 ಪಂಪು ಹೋಗಿರುವುದು ಗೊತ್ತಾಗಿದೆ. ಈ 140 ನಮ್ಮ ಮಾರ್ಚ್‌ನ ಅಂದಾಜನ್ನು ಗಟ್ಟಿ ಮಾಡುತ್ತದೆ. ಆದರೆ ಇಲ್ಲಿ ಮತ್ತೊಂದು ತಪ್ಪು ಕಾದಿರುತ್ತದೆ: ಕೆಲವರು 780ಕ್ಕೆ 140 ಸೇರಿಸಿ 920 × 500 ಎಂದು ಬರೆದುಬಿಡುತ್ತಾರೆ. ಏಪ್ರಿಲ್‌ನ ಅಂಕಿ ಸಾಕ್ಷಿ ಹೇಳಲು ಬಂದದ್ದು, ಲೆಕ್ಕದೊಳಗೆ ಕೂರಲು ಬಂದದ್ದಲ್ಲ. ಏಪ್ರಿಲ್‌ನ ಪಂಪು ಮುಂದಿನ ವರ್ಷದ ಮಾರಾಟ, ಅದರ ರಿಬೇಟೂ ಮುಂದಿನ ವರ್ಷದ್ದು.

ನಮೂದು

ತಯಾರಕರ ಪುಸ್ತಕದಲ್ಲಿ 2025ರ ಮಾರ್ಚ್ 31ರಂದು:

ಮಾರಾಟ ಖಾತೆ — ಡೆಬಿಟ್ 3,90,000
ಕೊಡಬೇಕಾದ ರಿಬೇಟು ಖಾತೆಗೆ — ಕ್ರೆಡಿಟ್ 3,90,000

ಡೆಬಿಟ್ ಆಗಬೇಕಾದದ್ದು ಮಾರಾಟ ಎಂಬುದಕ್ಕೆ ಒತ್ತು ಕೊಡಿ. "ರಿಬೇಟು ವೆಚ್ಚ" ಎಂದು ಖಾತೆ ತೆರೆದು ಜಾಹೀರಾತಿನ ಪಕ್ಕದಲ್ಲಿ ಲಾಭ ನಷ್ಟ ಖಾತೆಗೆ ಹಾಕಿದರೆ ನಿವ್ವಳ ಲಾಭ ಸರಿಯಾಗಿಯೇ ಬರುತ್ತದೆ, ಮಾರಾಟ ಮತ್ತು ಒಟ್ಟು ಲಾಭ ಎರಡೂ ಉಬ್ಬುತ್ತವೆ. ನಮ್ಮ ದೇಶದ ಲೆಕ್ಕಮಾನದಂಡ ಎಎಸ್ 9, ಕೊಟ್ಟ ವ್ಯಾಪಾರ ಸೋಡಿ ಮತ್ತು ಪರಿಮಾಣ ರಿಬೇಟುಗಳನ್ನು ಆದಾಯದಿಂದ ಕಳೆಯಬೇಕೆಂದೂ, ಪಡೆದವು ಆದಾಯವಲ್ಲ, ಕೊಂಡ ವೆಚ್ಚದ ಇಳಿತ ಎಂದೂ ಹೇಳುತ್ತದೆ. ದೊಡ್ಡ ಕಂಪನಿಗಳಿಗೆ ಅನ್ವಯಿಸುವ ಇಂಡ್ ಎಎಸ್ 115 ಇಂಥ ರಿಬೇಟನ್ನು ಬದಲಾಗಬಹುದಾದ ಬೆಲೆ ಎಂದು ನೋಡುತ್ತದೆ. ಅಲ್ಲಿನ ಕಟ್ಟು ಇನ್ನೂ ಬಿಗಿ: ಮುಂದೆ ದೊಡ್ಡ ಮೊತ್ತದಲ್ಲಿ ವಾಪಸು ತಿರುಗಿಸಬೇಕಾಗುವುದಿಲ್ಲ ಎಂಬುದು ಬಹುಮಟ್ಟಿಗೆ ಖಚಿತವಿರುವಷ್ಟು ಆದಾಯವನ್ನು ಮಾತ್ರ ತೋರಿಸಬಹುದು. ಇದರ ಪರಿಣಾಮ ಸ್ವಾರಸ್ಯಕರ. ಗುರಿ ಮುಟ್ಟುವುದೋ ಇಲ್ಲವೋ ಅರ್ಧಂಬರ್ಧ ಎಂಬ ಸ್ಥಿತಿಯಲ್ಲೂ ತಯಾರಕರು ಪೂರ್ತಿ 20,000 ರೂಪಾಯಿಯನ್ನು ಆದಾಯವೆಂದು ತೋರಿಸುವುದು ಕಷ್ಟ. ರಿಬೇಟು ಬಿಡಬೇಕಾದರೆ ಗುರಿ ತಪ್ಪುತ್ತದೆ ಎಂಬುದಕ್ಕೇ ಗಟ್ಟಿ ಆಧಾರ ಬೇಕು.

ಅಕ್ಟೋಬರ್ ಬಂತು ಎನ್ನೋಣ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ 485 ಪಂಪು ಹೋಗಿ ಒಟ್ಟು 1,265 ಆಯಿತು. ಕ್ರೆಡಿಟ್ ನೋಟಿನ ಮೊತ್ತ 6,32,500 ರೂ. ಅದರಲ್ಲಿ 3,90,000 ರೂಪಾಯಿ ಕೊಡಬೇಕಾದ ರಿಬೇಟು ಖಾತೆಯನ್ನು ಮುಗಿಸುತ್ತದೆ. ಉಳಿದ 2,42,500 ಹೊಸ ವರ್ಷದ ಮಾರಾಟದಿಂದ ಕಳೆಯುತ್ತದೆ. ಅದು 485 × 500 ಎಂಬುದನ್ನು ತರಗತಿಯೇ ಪರೀಕ್ಷಿಸಿಕೊಳ್ಳಲಿ. ಹೊಸ ವರ್ಷದ ಪಂಪಿಗೆ ಹೊಸ ವರ್ಷವೇ ಹೊಣೆ ಹೊತ್ತಿತು.

ಲೆಕ್ಕ ತಪ್ಪಿದರೆ? ಮೇ ತಿಂಗಳಿನಲ್ಲೇ ಭಾರೀ ಮಳೆ ಹಿಡಿದು ಕೊರೆಸುವವರೇ ಇಲ್ಲದೆ ಒಟ್ಟು 1,170ಕ್ಕೆ ನಿಂತಿತು ಎನ್ನೋಣ. ರಿಬೇಟು ಕೊಡಬೇಕಾಗಿಲ್ಲ. 3,90,000 ರೂಪಾಯಿಯನ್ನು ಹೊಣೆಯಿಂದ ತೆಗೆದು ಹೊಸ ವರ್ಷದ ಮಾರಾಟಕ್ಕೆ ಸೇರಿಸಬೇಕು. ಹಿಂದಿನ ವರ್ಷದ ಲೆಕ್ಕವನ್ನು ತೆರೆದು ತಿದ್ದಬೇಕಾಗಿಲ್ಲ, ಏಕೆಂದರೆ ಮಾರ್ಚ್‌ನಲ್ಲಿ ಕೈಯಲ್ಲಿದ್ದ ಆಧಾರದ ಮೇಲೆ ಆ ಅಂದಾಜು ಸರಿಯಾಗಿತ್ತು. ಅಂದಾಜು ಬದಲಾಗುವುದು ಬೇರೆ, ತಪ್ಪು ಬೇರೆ. ಗೋಡೌನ್‌ನಲ್ಲಿ 350 ಪಂಪು ಕೂತಿರುವ ವರದಿ ಮಾರ್ಚ್‌ನಲ್ಲೇ ಮೇಜಿನ ಮೇಲಿದ್ದು ಯಾರೂ ಓದಿರಲಿಲ್ಲ ಎಂದಾದರೆ ಅದು ತಪ್ಪು. ಅದಕ್ಕೆ ದಾರಿ ಬೇರೆ.

ಷರತ್ತು ಬದಲಾದರೆ ಲೆಕ್ಕ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಒಂದೇ ಒಂದು ಉದಾಹರಣೆ ಸಾಕು. ಒಪ್ಪಂದದಲ್ಲಿ "1,200ರ ಮೇಲಿನ ಪಂಪುಗಳಿಗೆ ಮಾತ್ರ 500 ರೂ." ಎಂದಿದ್ದರೆ ಮಾರ್ಚ್‌ವರೆಗಿನ 780ರಲ್ಲಿ ಒಂದಕ್ಕೂ ರಿಬೇಟು ಇಲ್ಲ. ಗುರಿ ಮುಟ್ಟುವುದು ನೂರಕ್ಕೆ ನೂರು ಖಚಿತವಿದ್ದರೂ ಈ ನಮೂದು ಬರುವುದಿಲ್ಲ. ಲೆಕ್ಕ ಕೊಡುವಾಗ ಈ ಒಂದು ಸಾಲನ್ನು ಬಿಟ್ಟರೆ ಲೆಕ್ಕಕ್ಕೆ ಉತ್ತರವೇ ಇರುವುದಿಲ್ಲ. ಪ್ರಶ್ನೆಪತ್ರಿಕೆ ತಯಾರಿಸುವವರು ಗಮನಿಸಬೇಕು.

ವಿತರಕರ ಕಡೆಯಿಂದ

ಇದೇ ಲೆಕ್ಕವನ್ನು ಎರಡನೆಯ ಪೀರಿಯಡ್‌ನಲ್ಲಿ ಅಂಗಡಿಯ ಕಡೆಯಿಂದ ಮಾಡಿಸಿದರೆ ಪಾಠ ಪೂರ್ಣವಾಗುತ್ತದೆ. ವಿತರಕರಿಗೆ ಇದು ಬರಬೇಕಾದ ಹಣ. ಆದ್ದರಿಂದ ಇಲ್ಲಿ ಮುನ್ನೆಚ್ಚರಿಕೆ ಎದುರು ದಿಕ್ಕಿಗೆ ಎಳೆಯುತ್ತದೆ: ಬರುತ್ತದೆ ಎಂದು ಆಧಾರಸಹಿತ ಹೇಳಬಲ್ಲವರಾದರೆ ಮಾತ್ರ ಬರೆಯಬೇಕು. ಅರ್ಧಂಬರ್ಧ ಎಂಬ ಸ್ಥಿತಿಯಲ್ಲಿ ತಯಾರಕರು ಹೊಣೆ ತೋರಿಸಿ, ವಿತರಕರು ಏನೂ ತೋರಿಸದೆ ಇರುವುದು ಸಾಧ್ಯ, ಇಬ್ಬರದೂ ಸರಿಯೇ. ಒಬ್ಬರ ಪುಸ್ತಕ ಇನ್ನೊಬ್ಬರ ಪುಸ್ತಕದ ಕನ್ನಡಿಯಾಗಿರಲೇಬೇಕು ಎಂಬ ನಂಬಿಕೆಯನ್ನು ಮಕ್ಕಳ ತಲೆಯಿಂದ ತೆಗೆಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ನಮ್ಮ ಲೆಕ್ಕದಲ್ಲಿ ಆಧಾರ ಗಟ್ಟಿಯಿದೆ, ಆದ್ದರಿಂದ ವಿತರಕರೂ ಬರೆಯುತ್ತಾರೆ. ಬರಬೇಕಾದ ರಿಬೇಟು ಖಾತೆ ಡೆಬಿಟ್ 3,90,000, ಖರೀದಿ ಖಾತೆ ಕ್ರೆಡಿಟ್ 3,90,000. ಇಷ್ಟಕ್ಕೆ ಪೆನ್ನು ಕೆಳಗಿಟ್ಟರೆ ತಪ್ಪಾಗುತ್ತದೆ. 780 ಪಂಪಿನಲ್ಲಿ 660 ಮಾರಿವೆ, 120 ಗೋಡೌನ್‌ನಲ್ಲಿವೆ. ಅಕ್ಟೋಬರ್‌ಗೆ ಮೊದಲಿನ ಹಳೆಯ ಪಂಪು ಯಾವುದೂ ಉಳಿದಿಲ್ಲ ಎಂದುಕೊಳ್ಳೋಣ. ಉಳಿದ 120ರ ಕೊಂಡ ಬೆಲೆ ಈಗ 20,000 ಅಲ್ಲ, 19,500. ಅಖೈರು ದಾಸ್ತಾನು 24,00,000 ಅಲ್ಲ, 23,40,000. ಹಾಗಾಗಿ ಈ ವರ್ಷದ ಲಾಭಕ್ಕೆ ಸೇರುವುದು 3,90,000 ಅಲ್ಲ, ಮಾರಿದ 660 ಪಂಪುಗಳ 3,30,000 ಮಾತ್ರ. ಉಳಿದ 60,000 ದಾಸ್ತಾನಿನ ಬೆಲೆ ಇಳಿದಿರುವ ರೂಪದಲ್ಲಿ ಕುಳಿತಿದ್ದು, ಆ ಪಂಪುಗಳು ಮಾರಿದಾಗ ಲಾಭವಾಗಿ ಹೊರಬರುತ್ತದೆ.

"ಪಡೆದ ಸೋಡಿ" ಖಾತೆಗೆ 3,90,000 ಜಮೆ ಮಾಡಿ ದಾಸ್ತಾನನ್ನು 20,000ದ ದರದಲ್ಲೇ ಬಿಟ್ಟವರನ್ನು ನಾನು ತರಗತಿಯಲ್ಲಷ್ಟೇ ಅಲ್ಲ, ಅಂಗಡಿಗಳ ಲೆಕ್ಕದಲ್ಲೂ ಕಂಡಿದ್ದೇನೆ. ಗುರುತು ಹಿಡಿಯುವುದು ಸುಲಭ. ದಾಸ್ತಾನು ಪಟ್ಟಿಯ ದರವನ್ನು ಬಿಲ್ಲಿನ ದರದ ಪಕ್ಕ ಇಟ್ಟು ನೋಡಿ. ರಿಬೇಟು ಬರೆದಿರುವ ವರ್ಷದಲ್ಲೂ ಎರಡು ದರ ಒಂದೇ ಆಗಿದ್ದರೆ ಲಾಭ ಉಬ್ಬಿದೆ.

ಚರ್ಚೆಯ ಕೊನೆಯಲ್ಲಿ ಆ ಪ್ರಶಿಕ್ಷಣಾರ್ಥಿ ನ್ಯಾಯವಾದ ಒಂದು ಮಾತು ಕೇಳಿದರು: "ಸರ್, ಈ ವರ್ಷ ಬರೆಯದಿದ್ದರೆ ಮುಂದಿನ ವರ್ಷ ಬರೆದೇ ಬರೆಯುತ್ತೇವಲ್ಲ. ಒಟ್ಟು ಎರಡು ವರ್ಷ ಸೇರಿಸಿದರೆ ಒಂದೇ ಆಗುತ್ತದೆ. ಯಾರಿಗೆ ಏನು ನಷ್ಟ?"

ದ್ವಿತೀಯ ಪಿಯುಸಿಯಲ್ಲೇ ಇರುವ ಇನ್ನೊಂದು ಅಧ್ಯಾಯದಿಂದ ಉತ್ತರ ಕೊಟ್ಟೆ. ಆ ವಿತರಕ ಸಂಸ್ಥೆಯಲ್ಲಿ ಮೂವರು ಸಮಪಾಲುದಾರರು. ಹಿರಿಯರೊಬ್ಬರು 2025ರ ಮಾರ್ಚ್ 31ಕ್ಕೆ ನಿವೃತ್ತರಾಗುತ್ತಾರೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಅವರೂ ದುಡಿದಿದ್ದಾರೆ, 660 ಪಂಪಿನ ಮಾರಾಟದಲ್ಲಿ ಅವರದೂ ಪಾಲಿದೆ. ರಿಬೇಟು ಬರೆದರೆ 3,30,000ದಲ್ಲಿ ಅವರ ಪಾಲು 1,10,000 ರೂ. ಬರೆಯದಿದ್ದರೆ ಅವರು ಅಷ್ಟನ್ನು ಬಿಟ್ಟು ಮನೆಗೆ ಹೋಗುತ್ತಾರೆ, ಅಕ್ಟೋಬರ್‌ನಲ್ಲಿ ಕ್ರೆಡಿಟ್ ನೋಟು ಬಂದಾಗ ಉಳಿದಿಬ್ಬರು ಅದನ್ನು ಹಂಚಿಕೊಳ್ಳುತ್ತಾರೆ. ದಾಸ್ತಾನಿನಲ್ಲಿ ಕುಳಿತ 60,000 ಮಾತ್ರ ಉಳಿದಿಬ್ಬರಿಗೆ ಸೇರಬೇಕಾದದ್ದೇ, ಆ 120 ಪಂಪುಗಳನ್ನು ಮಾರುವವರು ಅವರೇ ತಾನೆ.

ಪ್ರಶಿಕ್ಷಣಾರ್ಥಿ ಸ್ವಲ್ಪ ಹೊತ್ತು ಯೋಚಿಸಿ, "ಮಳೆ ಬಂದು ಗುರಿ ತಪ್ಪಿದರೆ ಆ ಹಿರಿಯರು 1,10,000 ವಾಪಸು ಕೊಡಬೇಕಾ?" ಎಂದರು. ಅದನ್ನು ಮಾರ್ಚ್ 31ರ ನಮೂದು ತೀರ್ಮಾನಿಸುವುದಿಲ್ಲ. ನಿವೃತ್ತಿಯ ಒಪ್ಪಂದ ಬರೆಯುವ ದಿನವೇ, ರಿಬೇಟು ಬಂದ ಮೇಲೆ ಆ ಪಾಲನ್ನು ಕೊಡುವುದೋ, ಈಗಲೇ ಕೊಟ್ಟು ಬಾರದಿದ್ದರೆ ಹಿಂದಕ್ಕೆ ಪಡೆಯುವುದೋ ಎಂದು ಒಂದು ಸಾಲು ಸೇರಿಸಿಕೊಳ್ಳಬೇಕು. ಮರುದಿನದ ಪಾಠಯೋಜನೆಯಲ್ಲಿ ಅವರು ಆ ಸಾಲನ್ನೂ ಲೆಕ್ಕದೊಳಗೆ ಬರೆದುಕೊಂಡು ಬಂದಿದ್ದರು.